ದಿನಾಂಕವಿಲ್ಲದ ಪುಟ, ಹೆಸರಿಲ್ಲದ ಓದು

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಕೆಳಗೆ ಮಲೆನಾಡಿನ ಒಂದು ವೀರಗಲ್ಲಿನ ಬಗ್ಗೆ ಲೇಖನ ಬರೆದಿದ್ದೆ. ತುರುಗೊಳ್ ಕಾಳಗದ ಕಲ್ಲು. ಮೂರನೆಯ ಸಾಲಿನಲ್ಲಿ ವೀರನ ಹೆಸರು ಬರುವ ಜಾಗದಲ್ಲೇ ಕಲ್ಲು ಚಕ್ಕೆ ಎದ್ದಿದೆ, ನಾಲ್ಕು ಅಕ್ಷರಗಳಲ್ಲಿ ಎರಡು ಅರ್ಧಂಬರ್ಧ. ಆ ಹೆಸರನ್ನು ಸರಿಯಾಗಿ ಬಿಡಿಸಿ ಓದಿದ್ದು ನನಗೆ ಎರಡು ಕಡೆ ಸಿಕ್ಕಿತು. ಒಂದು, 2019ರಲ್ಲಿ ಅಚ್ಚಾದ ಒಂದು ಲೇಖನ. ಇನ್ನೊಂದು, ಒಂದು ಸಂಘದ ಜಾಲತಾಣದ ಪುಟ. ಪುಟದಲ್ಲಿ ಬರೆದವರ ಹೆಸರಿಲ್ಲ, ದಿನಾಂಕವೂ ಇಲ್ಲ. ಪುಟದ ಬುಡದಲ್ಲಿ ಹಕ್ಕುಸ್ವಾಮ್ಯದ ಗುರುತಿನ ಪಕ್ಕ 2021 ಅಂತ ಇತ್ತು. ನಾನು ಸಂಘದ ಹೆಸರನ್ನು ಲೇಖಕರ ಜಾಗಕ್ಕೆ ಹಾಕಿ, ಪಕ್ಕದಲ್ಲಿ 2021 ಅಂತ ಬರೆದು ಮುಂದೆ ಹೋದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ‘ಈ ಓದನ್ನು ಮೊದಲು ಕೊಟ್ಟದ್ದು 2019ರ ಲೇಖನ, ನಂತರ ಈ ತಾಣವೂ ಅದನ್ನೇ ಅನುಸರಿಸಿದೆ’ ಎಂದೂ ಒಂದು ಸಾಲು ಸೇರಿಸಿದೆ.

ಲೇಖನ ಹೊರಬಂದ ತಿಂಗಳೊಳಗೆ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. “ಸಾರ್, ಆ ಕಲ್ಲು ಓದಿ ಸಂಘದವರಿಗೆ ಕೊಟ್ಟಿದ್ದು ನಾನು. ಅದು ಹಾಕಿ ಸುಮಾರು ವರ್ಷ ಆಯ್ತಲ್ಲ. ನೀವು ನೋಡಿದ್ರೆ ನಾವೇ ಅವರದ್ದು ನೋಡಿ ಬರೆದಿದ್ದು ಅಂತ ಬರೆದಿದೀರಿ.”

ಆ 2021 ಅನ್ನುವುದು ಪುಟ ಬರೆದ ವರ್ಷ ಆಗಿರಲಿಲ್ಲ, ನಾನು ಪುಟ ನೋಡಿದ ವರ್ಷ ಆಗಿತ್ತು. ತಾಣದ ಬುಡದ ಪಟ್ಟಿ ಪ್ರತಿ ಜನವರಿ ಒಂದಕ್ಕೆ ತಾನಾಗಿಯೇ ಬದಲಾಗುತ್ತದೆ. ಈಗ ಹೋಗಿ ನೋಡಿದರೂ ಈ ವರ್ಷವನ್ನೇ ತೋರಿಸುತ್ತದೆ.

ಶಾಸನ ಓದುವ ನಾವು ಇಂಥ ತಪ್ಪು ಮಾಡುವುದು ಯಾಕೆ ಅಂತ ಆಮೇಲೆ ಬಹಳ ಯೋಚಿಸಿದೆ. ಯಾಕೆಂದರೆ ಕಲ್ಲಿನ ಮುಂದೆ ನಿಂತಾಗ ನಾವು ಹೀಗೆ ಮಾಡುವುದಿಲ್ಲ. ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಶಕವರ್ಷ ಇಲ್ಲ, ಸಂವತ್ಸರದ ಹೆಸರೂ ಇಲ್ಲ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದಂದಿನಿಂದ ಇಂದಿನವರೆಗೂ ಅದರ ಕಾಲದ ಬಗ್ಗೆ ಚರ್ಚೆ ನಡೆದಿದೆ. ಲಿಪಿ ನೋಡಿ, ಭಾಷೆ ನೋಡಿ, ಕದಂಬ ಕಾಕುಸ್ಥನ ಹೆಸರು ನೋಡಿ ‘ಸು. 450’ ಅಂತ ಬರೆಯುತ್ತೇವೆ. ಆ ‘ಸು.’ ಅನ್ನುವ ಒಂದೂವರೆ ಅಕ್ಷರದಲ್ಲಿ ಎಷ್ಟು ಜವಾಬ್ದಾರಿ ಇದೆ ನೋಡಿ. ಇದು ಕಲ್ಲು ಹೇಳಿದ್ದಲ್ಲ, ನಾವು ಊಹಿಸಿದ್ದು ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಕಲ್ಲು ಈಗ ಇರುವ ಕಟ್ಟಡ ಕಟ್ಟಿದ ವರ್ಷವನ್ನು ಯಾರೂ ಶಾಸನದ ವರ್ಷ ಅನ್ನುವುದಿಲ್ಲ. ಜಾಲತಾಣದ ಬುಡದಲ್ಲಿರುವ ವರ್ಷವನ್ನು ಪುಟದ ವರ್ಷ ಅನ್ನುವುದು ಅದಕ್ಕಿಂತ ಬೇರೆ ಏನಲ್ಲ.

ದಿನಾಂಕ ಕಾಣದಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಉಲ್ಲೇಖದ ಕೈಪಿಡಿಗಳಲ್ಲಿ ಉತ್ತರ ಇದೆ, ಗೊಂದಲವೇನೂ ಇಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಎಪಿಎ ಶೈಲಿಯ ಏಳನೆಯ ಆವೃತ್ತಿ ಹೇಳುವುದು ಇಷ್ಟು. ವ್ಯಕ್ತಿಯ ಹೆಸರಿಲ್ಲದೆ ಸಂಸ್ಥೆಯೇ ಆ ಬರಹಕ್ಕೆ ಹೊಣೆ ಹೊತ್ತಿದ್ದರೆ ಸಂಸ್ಥೆಯ ಹೆಸರು ಲೇಖಕರ ಜಾಗಕ್ಕೆ ಬರುತ್ತದೆ. ಯಾರು ಹೊಣೆ ಅನ್ನುವುದೇ ತಿಳಿಯದಿದ್ದರೆ ಪುಟದ ಶೀರ್ಷಿಕೆ ಆ ಜಾಗಕ್ಕೆ ಜರುಗುತ್ತದೆ. ‘ಅನಾಮಧೇಯ’ ಅಂತ ನಾವಾಗಿ ಬರೆಯಬಾರದು, ಬರೆದವರೇ ಹಾಗೆ ಸಹಿ ಹಾಕಿಕೊಂಡಿದ್ದರೆ ಮಾತ್ರ. ದಿನಾಂಕ ಇಲ್ಲದಿದ್ದರೆ ವರ್ಷದ ಜಾಗದಲ್ಲಿ `n.d.` ಎಂಬ ಗುರುತು. ಹಕ್ಕುಸ್ವಾಮ್ಯದ ವರ್ಷವನ್ನು ಅಲ್ಲಿ ತುಂಬುವ ಹಾಗಿಲ್ಲ. ಮುಂದೆ ಬದಲಾಗಲೆಂದೇ ಇಟ್ಟಿರುವ ಪುಟವಾಗಿದ್ದು, ನೀವು ನೋಡಿದ ಪ್ರತಿ ಎಲ್ಲೂ ಸಂಗ್ರಹವಾಗಿರದಿದ್ದರೆ, ನೋಡಿದ ದಿನವನ್ನೂ ಕೊಡಬೇಕು.

ನನ್ನ ತಕರಾರು ಈ ನಿಯಮಗಳ ಮೇಲೆ ಅಲ್ಲ. ನಾವು ಅವನ್ನು ಬಳಸುವ ರೀತಿಯ ಮೇಲೆ. ಒಂದೋ ನನ್ನ ಹಾಗೆ ಎಲ್ಲೋ ಕಂಡ ಅಂಕಿ ಹಿಡಿದು ತುಂಬಿಸುತ್ತೇವೆ, ಇಲ್ಲವೇ ಒಂದು ನಿಮಿಷವೂ ಹುಡುಕದೆ ‘ದಿನಾಂಕವಿಲ್ಲ’ ಅಂತ ಕೈ ತೊಳೆದುಕೊಳ್ಳುತ್ತೇವೆ. ಎರಡನೆಯದು ಪ್ರಾಮಾಣಿಕವಾಗಿ ಕಾಣುತ್ತದೆ, ಆದರೆ ಎಷ್ಟೋ ಸಲ ಅದು ಬರೀ ಸೋಮಾರಿತನ.

ಎಲ್ಲರೂ ನೋಡಬಹುದಾದ ಒಂದು ಪುಟವನ್ನೇ ಇಟ್ಟುಕೊಂಡು ಹೇಳುತ್ತೇನೆ. ಹಂಪಿಯ ಬಗ್ಗೆ ಬರೆಯುವವರೆಲ್ಲ ಯುನೆಸ್ಕೊ ವಿಶ್ವ ಪರಂಪರೆ ಕೇಂದ್ರದ ಪುಟವನ್ನು ಉಲ್ಲೇಖಿಸುತ್ತಾರೆ. ಪಟ್ಟಿಯಲ್ಲಿ ಹಂಪಿಯ ಸಂಖ್ಯೆ 241, ಪುಟದ ವಿಳಾಸದಲ್ಲೂ ಅದೇ ಸಂಖ್ಯೆ ಇದೆ. ಬರೆದವರ ಹೆಸರು ಇಲ್ಲ. ವರ್ಷ ಹುಡುಕಿದರೆ ಕಣ್ಣಿಗೆ ಮೊದಲು ಬೀಳುವುದು 1986. ಎಷ್ಟೋ ಪ್ರಬಂಧಗಳಲ್ಲಿ ‘ಯುನೆಸ್ಕೊ, 1986’ ಅಂತಲೇ ಇರುತ್ತದೆ. ಹಂಪಿಯನ್ನು ಪಟ್ಟಿಗೆ ಸೇರಿಸಿದ ವರ್ಷ ಅದು. ಸೇರಿಸುವುದಕ್ಕೆ ಅವರು ಬಳಸುವ ಇಂಗ್ಲಿಷ್ ಪದ ನಮ್ಮ ‘ಶಾಸನ’ಕ್ಕೆ ಬಳಸುವ ಪದವೇ ಆಗಿರುವುದು ಒಂದು ತಮಾಷೆ. ಆದರೆ 1986ರಲ್ಲಿ ಜಾಲತಾಣ ಅನ್ನುವುದೇ ಹುಟ್ಟಿರಲಿಲ್ಲ. ಆ ವರ್ಷದಲ್ಲಿ ಈ ಪುಟವನ್ನು ಯಾರೂ ಬರೆದಿರಲು ಸಾಧ್ಯವಿಲ್ಲ.

ಶಾಸನದಲ್ಲಿ ಇದಕ್ಕೆ ಸರಿಸಮನಾದ ತಪ್ಪು ನಮಗೆಲ್ಲ ಗೊತ್ತು. ತಾಳಗುಂದದ ಸ್ತಂಭ ಶಾಸನ ಮಯೂರಶರ್ಮನ ಕಥೆಯನ್ನು ವಿಸ್ತಾರವಾಗಿ ಹೇಳುತ್ತದೆ. ಹಾಗಂತ ಅದನ್ನು ಮಯೂರಶರ್ಮನ ಕಾಲದ ಶಾಸನ ಅನ್ನುತ್ತೇವೆಯೇ? ಅದು ಶಾಂತಿವರ್ಮನ ಕಾಲದ್ದು. ಬರಹ ಯಾವ ಘಟನೆಯ ಬಗ್ಗೆ ಹೇಳುತ್ತದೋ ಅದರ ವರ್ಷ ಬೇರೆ, ಬರಹದ ವರ್ಷ ಬೇರೆ. ಕಲ್ಲಿನ ವಿಷಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು.

ಹಂಪಿಯ ಪುಟಕ್ಕೆ ವಾಪಸು ಬರೋಣ. ಬುಡದಲ್ಲಿ 1992ರಿಂದ ಈ ವರ್ಷದವರೆಗೆ ಅನ್ನುವ ಹಕ್ಕುಸ್ವಾಮ್ಯದ ಸಾಲಿದೆ. 1992 ಕೇಂದ್ರ ಶುರುವಾದ ವರ್ಷ, ಎರಡನೆಯದು ವರ್ಷವರ್ಷವೂ ಓಡುವ ಅಂಕಿ. ಎರಡೂ ಪುಟದ್ದಲ್ಲ. ಹಾಗಾಗಿ ಉಲ್ಲೇಖ ಹೀಗಾಗುತ್ತದೆ:

```
UNESCO World Heritage Centre. (n.d.). Group of Monuments at Hampi.
Retrieved March 14, 2025, from https://whc.unesco.org/en/list/241/
```

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ತಾಣದ ಹೆಸರೂ ಲೇಖಕ ಸಂಸ್ಥೆಯ ಹೆಸರೂ ಒಂದೇ ಆಗಿರುವುದರಿಂದ ಅದನ್ನು ಎರಡನೆಯ ಸಲ ಬರೆದಿಲ್ಲ. ಬೇರೆಬೇರೆ ಆಗಿದ್ದರೆ ಮಾತ್ರ ಶೀರ್ಷಿಕೆಯ ನಂತರ ತಾಣದ ಹೆಸರು. ಒಂದೇ ಸಂಸ್ಥೆಯ ದಿನಾಂಕವಿಲ್ಲದ ಎರಡು ಪುಟ ಬಳಸಿದ್ದರೆ, ಹಂಪಿಯದೂ ಪಟ್ಟದಕಲ್ಲಿನದೂ ಅಂತಿಟ್ಟುಕೊಳ್ಳಿ, `n.d.-a`, `n.d.-b` ಅಂತ ಅಡ್ಡಗೆರೆ ಹಾಕಿ ಬೇರ್ಪಡಿಸಬೇಕು. ಪಟ್ಟಿಯಲ್ಲಿ ಇವು ಅದೇ ಸಂಸ್ಥೆಯ ವರ್ಷ ಇರುವ ಬರಹಗಳಿಗಿಂತ ಮೊದಲು ಬರುತ್ತವೆ.

ಉಲ್ಲೇಖದ ಮಟ್ಟಿಗೆ ಇಷ್ಟು ಸಾಕು. ಆದರೆ ಪುಟದ ಕಾಲದ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಅಂತ ಇದರ ಅರ್ಥವಲ್ಲ. ಹಂಪಿಯನ್ನು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿ 2006ರಲ್ಲಿ ತೆಗೆದರು. ಪುಟದಲ್ಲಿ ಆ ವಿವರವೂ ಇದೆ. ಅಂದರೆ ನಾವು ಇವತ್ತು ನೋಡುತ್ತಿರುವ ಈ ರೂಪ 2006ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ವಿಷ್ಣುವರ್ಧನನ ತಲಕಾಡು ವಿಜಯವನ್ನು ಹೇಳುವ ಶಾಸನ ಆ ವಿಜಯಕ್ಕಿಂತ ಮೊದಲಿನದಾಗಿರಲಾರದು ಅನ್ನುವ ತರ್ಕವೇ ಇಲ್ಲೂ. ಇದು ಒಂದು ಕಡೆಯ ಗಡಿ.

ಇನ್ನೊಂದು ಕಡೆಯ ಗಡಿಗೆ ಇಂಟರ್ನೆಟ್ ಆರ್ಕೈವ್ ಇದೆ. 1996ರಿಂದ ಜಾಲದ ಪುಟಗಳ ಪ್ರತಿ ತೆಗೆದಿಡುತ್ತಿರುವ ಸಂಸ್ಥೆ, 2001ರಿಂದ ಅವನ್ನು ಎಲ್ಲರೂ ನೋಡುವಂತೆ ತೆರೆದಿಟ್ಟಿದೆ. ಪುಟದ ವಿಳಾಸದ ಹಿಂದೆ ಹೀಗೆ ಸೇರಿಸಿದರೆ ಆ ಪುಟದ ಎಲ್ಲ ಪ್ರತಿಗಳ ಪಟ್ಟಿ ಬರುತ್ತದೆ:

```
https://web.archive.org/web/*/https://whc.unesco.org/en/list/241/
```

ಒಂದೊಂದು ಪ್ರತಿಯ ವಿಳಾಸದಲ್ಲೂ ಹದಿನಾಲ್ಕು ಅಂಕಿಗಳಿರುತ್ತವೆ. ಮೊದಲ ನಾಲ್ಕು ವರ್ಷ, ಮುಂದಿನ ಎರಡೆರಡು ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಎಷ್ಟು ಶಾಸನಗಳಿಗೆ ಇಷ್ಟು ನಿಖರವಾದ ಕಾಲ ಸಿಕ್ಕೀತು! ಆದರೆ ಈ ಅಂಕಿ ಹೇಳುವುದೇನು ಅನ್ನುವುದರಲ್ಲಿ ಎಚ್ಚರ ಬೇಕು. ಅದು ಪುಟ ಬರೆದ ದಿನವಲ್ಲ, ಪ್ರತಿ ತೆಗೆದ ದಿನ. ‘ಈ ದಿನದ ಹೊತ್ತಿಗೆ ಪುಟ ಹೀಗಿತ್ತು’ ಅನ್ನುವುದಕ್ಕೆ ಮಾತ್ರ ಸಾಕ್ಷಿ. ಪುಟ ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಇದ್ದಿರಬಹುದು. ಮೆಕೆಂಜಿಯ ಜನ ಪ್ರತಿ ಮಾಡಿಕೊಂಡ ಶಾಸನ ಅವರು ಬಂದ ದಿನ ಹುಟ್ಟಿದ್ದಲ್ಲವಲ್ಲ, ಹಾಗೆ. ಇನ್ನೊಂದು ತೊಡಕೂ ಇದೆ. ತಾಣದ ವಿಳಾಸ ನಡುವೆ ಬದಲಾಗಿದ್ದರೆ ಹಳೆಯ ಪ್ರತಿಗಳು ಹಳೆಯ ವಿಳಾಸದಡಿಯಲ್ಲಿ ಇರುತ್ತವೆ, ಹೊಸ ವಿಳಾಸ ಕೊಟ್ಟರೆ ಸಿಗುವುದಿಲ್ಲ. ಪುಟದ ಶೀರ್ಷಿಕೆಯಿಂದಲೂ ಹುಡುಕಿ ನೋಡಿ.

ನನ್ನ ವೀರಗಲ್ಲಿನ ಪುಟವನ್ನು ಹೀಗೆ ಹುಡುಕಿದಾಗ ಮೊದಲ ಪ್ರತಿ ಸಿಕ್ಕಿದ್ದು 2016ರ ಮಳೆಗಾಲದ್ದು. ತೆರೆದು ನೋಡಿದೆ. ಆ ಪ್ರತಿಯಲ್ಲೇ ಮೂರನೆಯ ಸಾಲಿನ ಹೆಸರು ಇತ್ತು, ಇವತ್ತು ಇರುವ ಹಾಗೇ, ಅದೇ ಎರಡು ಅಕ್ಷರಗಳ ಮೇಲೆ ಅದೇ ಚೌಕ ಆವರಣ. ಈ ತೆರೆದು ನೋಡುವ ಕೆಲಸ ಮುಖ್ಯ. ಪುಟ 2016ರಲ್ಲಿ ಇತ್ತು ಅಂದ ಮಾತ್ರಕ್ಕೆ ಓದು 2016ರದಾಗುವುದಿಲ್ಲ. ಪುಟವನ್ನು ಮೊದಲು ಹಾಕಿ, ಓದನ್ನು 2020ರಲ್ಲಿ ತಿದ್ದಿರಬಹುದು. ಒಂದು ಶಾಸನದ ಕೊನೆಗೆ ನೂರು ವರ್ಷದ ಮೇಲೆ ಬೇರೆ ಕೈಯಲ್ಲಿ ಎರಡು ಸಾಲು ಸೇರಿಸಿದ್ದನ್ನು ನಾವು ಎಷ್ಟು ಕಡೆ ನೋಡಿಲ್ಲ! ಹಾಗಾಗಿ ನಮಗೆ ಬೇಕಾದ ವಾಕ್ಯ ಯಾವ ಪ್ರತಿಯಲ್ಲಿ ಮೊದಲು ಕಾಣುತ್ತದೆ ಅಂತ ನೋಡಬೇಕು. ನನ್ನ ವಿಷಯದಲ್ಲಿ ಅದು ಮೊದಲ ಪ್ರತಿಯಲ್ಲೇ ಇತ್ತು. ಮೇಷ್ಟ್ರು ಹೇಳಿದ್ದು ಸರಿ. 2019ರ ಲೇಖಕರು ಈ ಪುಟ ನೋಡಿದ್ದರೋ ಸ್ವತಂತ್ರವಾಗಿ ಓದಿದರೋ ಅನ್ನುವುದು ಇದರಿಂದ ತಿಳಿಯುವುದಿಲ್ಲ, ಅದನ್ನು ನಾನು ಹೇಳಲೂ ಹೋಗುವುದಿಲ್ಲ. ಒಂದು ಸಲ ಹಾಗೆ ಹೇಳಲು ಹೋಗಿ ಆಗಿದ್ದು ಸಾಕು.

ದಿನಾಂಕ ಹುಡುಕಲು ಕೆಲವರು ಇನ್ನೊಂದು ಉಪಾಯ ಹೇಳಿಕೊಡುತ್ತಾರೆ. ಬ್ರೌಸರಿನ ಕನ್ಸೋಲ್ ತೆರೆದು `document.lastModified` ಅಂತ ಟೈಪ್ ಮಾಡಿದರೆ ಪುಟ ಕೊನೆಗೆ ಬದಲಾದ ದಿನ ಬರುತ್ತದೆ ಅಂತ. ಬರುತ್ತದೆ ನಿಜ, ಆದರೆ ಸರ್ವರ್ ಆ ಮಾಹಿತಿ ಕೊಟ್ಟರೆ ಮಾತ್ರ. ಕೊಡದಿದ್ದರೆ ಬ್ರೌಸರು ಸುಮ್ಮನಿರುವುದಿಲ್ಲ, ಆ ಕ್ಷಣದ ಸಮಯವನ್ನೇ ಉತ್ತರವಾಗಿ ಕೊಡುತ್ತದೆ. ಇವತ್ತಿನ ಹೆಚ್ಚಿನ ತಾಣಗಳು ನೀವು ಕೇಳಿದಾಗ ಪುಟವನ್ನು ಹೊಸದಾಗಿ ಜೋಡಿಸಿ ಕೊಡುವಂಥವು, ಅಲ್ಲಿ ಆಗುವುದು ಇದೇ. ಪರೀಕ್ಷೆ ಸುಲಭ. ಒಂದು ನಿಮಿಷ ಬಿಟ್ಟು ಪುಟವನ್ನು ಮತ್ತೆ ತೆರೆದು ಮತ್ತೆ ಕೇಳಿ. ಉತ್ತರವೂ ಒಂದು ನಿಮಿಷ ಮುಂದೆ ಹೋಗಿದ್ದರೆ ಅದು ನಿಮ್ಮ ಗಡಿಯಾರ, ಪುಟದ್ದಲ್ಲ. ಇದಕ್ಕಿಂತ ಪುಟದ ಮೂಲ ಸಂಕೇತವನ್ನು ತೆರೆದು `datePublished` ಅಥವಾ `article:published_time` ಅಂತ ಹುಡುಕುವುದು ಮೇಲು. ತೆರೆಯ ಮೇಲೆ ದಿನಾಂಕ ತೋರಿಸದ ಎಷ್ಟೋ ತಾಣಗಳು ಒಳಗೆ ಅದನ್ನು ಬರೆದಿಟ್ಟಿರುತ್ತವೆ. ಅಲ್ಲಿ ಸಿಕ್ಕರೆ `n.d.` ಹಾಕುವ ಅಗತ್ಯವೇ ಬೀಳುವುದಿಲ್ಲ. ಅದರಲ್ಲೂ ಒಂದು ಅನುಮಾನ ಇಟ್ಟುಕೊಂಡಿರಿ. ಹಳೆಯ ತಾಣದಿಂದ ಹೊಸ ತಾಣಕ್ಕೆ ಎಲ್ಲವನ್ನೂ ಒಂದೇ ದಿನ ಸಾಗಿಸಿದ್ದರೆ ಎಲ್ಲ ಪುಟಗಳಿಗೂ ಸಾಗಿಸಿದ ದಿನವೇ ಬಿದ್ದಿರುತ್ತದೆ. ದಿನಾಂಕ ಬರೆದಿದೆ ಅಂದ ಮಾತ್ರಕ್ಕೆ ನಂಬುವುದಾದರೆ ಗಂಗರ ಹೆಸರಿನ ಕೂಟ ತಾಮ್ರಪಟಗಳನ್ನೂ ನಂಬಬೇಕಾಗುತ್ತದೆ. ಫ್ಲೀಟ್ ಮತ್ತು ರೈಸ್ ನಡುವಿನ ಜಗಳ ನೆನಪಿದೆಯಲ್ಲ.

ವಿಕಿಪೀಡಿಯಾದ ಬಗ್ಗೆ ಒಂದು ಮಾತು. ಅದರ ಪುಟಗಳಿಗೆ ‘ದಿನಾಂಕವಿಲ್ಲ’ ಅಂತ ಬರೆಯುವುದು ನೇರವಾಗಿ ತಪ್ಪು. ಪ್ರತಿ ಪುಟಕ್ಕೂ ಇತಿಹಾಸದ ಪಟ್ಟಿ ಇದೆ, ಒಂದೊಂದು ತಿದ್ದುಪಡಿಗೂ ನಿಮಿಷದವರೆಗಿನ ಸಮಯ ಇದೆ, ಒಂದೊಂದು ರೂಪಕ್ಕೂ `oldid=` ಅನ್ನುವ ಸಂಖ್ಯೆಯಿರುವ ಖಾಯಂ ವಿಳಾಸ ಇದೆ. ಲೇಖಕರ ಜಾಗಕ್ಕೆ ಪುಟದ ಶೀರ್ಷಿಕೆ ಬರಲಿ, ವರ್ಷದ ಜಾಗಕ್ಕೆ ನೀವು ಓದಿದ ರೂಪದ ದಿನಾಂಕ ಬರಲಿ. ಮುಂದೆ ಸಾಗೋಣ.

ದಿನಾಂಕಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಲೇಖಕರ ಜಾಗ. ಸಂಸ್ಥೆಯ ಹೆಸರನ್ನು ಅಲ್ಲಿ ಹಾಕುವುದು ಸಲೀಸು. ಆದರೆ ಯಾವ ಸಂಸ್ಥೆ? ನಮ್ಮ ಜಿಲ್ಲಾಡಳಿತಗಳ ತಾಣಗಳನ್ನು ನೋಡಿ. ಪ್ರವಾಸಿ ಸ್ಥಳಗಳ ಪುಟಗಳಲ್ಲಿ ದೇವಸ್ಥಾನ, ಶಾಸನಗಳ ವಿವರ ಇರುತ್ತದೆ. ಬುಡದಲ್ಲಿ ವಿಷಯದ ಒಡೆತನ ಜಿಲ್ಲಾಡಳಿತದ್ದು, ತಾಣವನ್ನು ರೂಪಿಸಿ ನಡೆಸುವುದು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಅಂತ ಇರುತ್ತದೆ. ಆ ಸೆಂಟರನ್ನೇ ಲೇಖಕರ ಜಾಗದಲ್ಲಿ ಹಾಕಿರುವ ಪ್ರಬಂಧಗಳನ್ನು ನಾನು ಕಂಡಿದ್ದೇನೆ. ಕಲ್ಲು ಒದಗಿಸಿದವನನ್ನು ಕವಿ ಅಂದ ಹಾಗಾಯಿತು. ಅಲ್ಲಿ ಲೇಖಕರ ಜಾಗಕ್ಕೆ ಬರಬೇಕಾದ್ದು ಜಿಲ್ಲಾಡಳಿತ. ಅದೇ ಬುಡದಲ್ಲಿ ‘ಕೊನೆಯ ನವೀಕರಣ’ ಅನ್ನುವ ದಿನಾಂಕವೂ ಇರುತ್ತದೆ. ಅದು ನೀವು ಓದುತ್ತಿರುವ ಪುಟದ್ದೋ ಇಡೀ ತಾಣದ್ದೋ ತಿಳಿಯಬೇಕಾದರೆ ಅದೇ ತಾಣದ ಸಂಬಂಧವೇ ಇಲ್ಲದ ಇನ್ನೊಂದು ಪುಟ ತೆರೆಯಿರಿ, ಟೆಂಡರು ಪ್ರಕಟಣೆಯದ್ದೋ ದೂರವಾಣಿ ಪಟ್ಟಿಯದ್ದೋ. ಎರಡರಲ್ಲೂ ಒಂದೇ ದಿನಾಂಕ ಇದ್ದರೆ ಅದು ತಾಣದ್ದು. ನಿಮ್ಮ ಪುಟಕ್ಕೆ `n.d.` ಸರಿ.

ಶಾಸನಗಳಲ್ಲಿ ಈ ಪಾತ್ರಗಳನ್ನು ಬೇರ್ಪಡಿಸುವುದು ನಮಗೆ ರೂಢಿ. ಕೊನೆಯ ಸಾಲುಗಳಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ ಇರುತ್ತದೆ. ಐಹೊಳೆಯ ಶಾಸನವನ್ನು ಮಾತಿಗೆ ‘ಪುಲಿಕೇಶಿಯ ಶಾಸನ’ ಅನ್ನುತ್ತೇವೆ, ಆದರೆ ಕವಿ ರವಿಕೀರ್ತಿ ಅಂತ ಎಲ್ಲರಿಗೂ ಗೊತ್ತು, ಅವನೇ ಅದರಲ್ಲಿ ತನ್ನ ಹೆಸರನ್ನು ಹೇಳಿಕೊಂಡಿದ್ದಾನೆ, ಶಕವರ್ಷ 556 ಅಂತ ಕಾಲವನ್ನೂ ಹೇಳಿದ್ದಾನೆ. ತಾಳಗುಂದದಲ್ಲಿ ಕೆರೆ ಕಟ್ಟಿಸಿದವನು ಕಾಕುಸ್ಥವರ್ಮ, ಬರೆಸಿದವನು ಶಾಂತಿವರ್ಮ, ಕಾವ್ಯ ರಚಿಸಿ ಕಲ್ಲಿನ ಮೇಲೆ ತಾನೇ ಬರೆದವನು ಕುಬ್ಜ. ಮೂವರ ಹೆಸರೂ ನಮಗೆ ಸಿಕ್ಕಿರುವುದು ಆ ಕಲ್ಲು ಮೂವರನ್ನೂ ಬೇರೆಬೇರೆಯಾಗಿ ಹೇಳಿರುವುದರಿಂದ.

ಇವತ್ತಿನ ನಮ್ಮ ಸಂಘ ಸಂಸ್ಥೆಗಳ ಪುಟಗಳಲ್ಲಿ ಇದೇ ಕಾಣೆ. ಒಬ್ಬರು ಬಿಸಿಲಲ್ಲಿ ಕೂತು ಕಲ್ಲು ತೊಳೆದು, ಅಚ್ಚು ತೆಗೆದು, ವಾರಗಟ್ಟಲೆ ಓದಿರುತ್ತಾರೆ. ಇನ್ನೊಬ್ಬರು ಅದನ್ನು ಟೈಪ್ ಮಾಡಿ ಹಾಕಿರುತ್ತಾರೆ. ಪುಟದಲ್ಲಿ ಸಂಘದ ಲಾಂಛನ ಮಾತ್ರ. ಆಮೇಲೆ ನಾವು ನಿಯಮದ ಪ್ರಕಾರವೇ ಸಂಘದ ಹೆಸರನ್ನು ಲೇಖಕರ ಜಾಗಕ್ಕೆ ಹಾಕುತ್ತೇವೆ. ನಿಯಮ ತಪ್ಪಿಲ್ಲ, ಉಲ್ಲೇಖ ತಪ್ಪಿಲ್ಲ, ಆದರೂ ಓದಿದವರ ಹೆಸರು ಎಲ್ಲೂ ಇರುವುದಿಲ್ಲ. ಇಲ್ಲಿ ಎಪಿಎಯನ್ನು ದೂರಿ ಫಲವಿಲ್ಲ. ಉಲ್ಲೇಖದ ಪಟ್ಟಿ ಪುಟದಲ್ಲಿ ಕಂಡದ್ದನ್ನು ಹೇಳುತ್ತದೆ, ಕಾಣದ್ದನ್ನು ಸೃಷ್ಟಿಸುವುದಿಲ್ಲ. ಬೇರೆ ದಾರಿಯಿಂದ ಹೆಸರು ಗೊತ್ತಾಗಿದ್ದರೆ ಅದನ್ನು ಲೇಖಕರ ಜಾಗಕ್ಕೆ ತುರುಕುವ ಬದಲು ಲೇಖನದ ಮೈಯಲ್ಲೇ ಹೇಳಬೇಕು: ಪುಟದಲ್ಲಿ ಹೆಸರಿಲ್ಲ, ಓದಿದವರು ಇಂಥವರು ಎಂದು ಸಂಘದವರು ತಿಳಿಸಿದ್ದಾರೆ, ಅಂತ. ಆಗ ಯಾವುದು ಪುಟದ ಸಾಕ್ಷ್ಯ, ಯಾವುದು ಬಾಯಿಮಾತಿನ ಸಾಕ್ಷ್ಯ ಅನ್ನುವುದು ಬೇರೆಬೇರೆಯಾಗಿ ನಿಲ್ಲುತ್ತದೆ.

ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ: ಆ ಪುಟವನ್ನು ಉಲ್ಲೇಖಿಸಲೇಬೇಕಾ? ಅನಾಮಿಕ ಪುಟಗಳಲ್ಲಿರುವ ಶಾಸನ ಪಾಠಗಳಲ್ಲಿ ಬಹುಪಾಲು ಎಪಿಗ್ರಾಫಿಯಾ ಕರ್ನಾಟಿಕಾದಿಂದ ಎತ್ತಿದ್ದು. ಹಾಗಿದ್ದಾಗ ಪುಟವನ್ನು ಬಿಟ್ಟು ಸಂಪುಟಕ್ಕೆ ಹೋಗಬೇಕು, ಅಲ್ಲಿ ಸಂಪಾದಕರೂ ಇದ್ದಾರೆ ವರ್ಷವೂ ಇದೆ. ಪತ್ತೆ ಹಚ್ಚುವುದು ಹೇಗೆ ಅಂದರೆ, ಸಂಪುಟದಲ್ಲಿ ಚುಕ್ಕಿ ಹಾಕಿ ಬಿಟ್ಟ ಜಾಗಗಳನ್ನು ಪುಟದ ಜೊತೆ ಹೋಲಿಸಿ. ಅದೇ ಜಾಗದಲ್ಲಿ ಅಷ್ಟೇ ಚುಕ್ಕಿ ಇದ್ದರೆ ಪುಟದವರು ಕಲ್ಲು ನೋಡಿಲ್ಲ, ಪುಸ್ತಕ ನೋಡಿದ್ದಾರೆ. ಜೊತೆಗೆ ಹಳೆಯ ಆವೃತ್ತಿಯೋ ಪರಿಷ್ಕೃತ ಆವೃತ್ತಿಯೋ ಅಂತ ಹೇಳಿ, ಎರಡರಲ್ಲಿ ಸಂಪುಟ ಸಂಖ್ಯೆಯೂ ಶಾಸನ ಸಂಖ್ಯೆಯೂ ಹಲವು ಕಡೆ ಬೇರೆ. ಹಾಸನ ಜಿಲ್ಲೆಯದು ರೈಸ್ ಅವರ ಹಳೆಯ ಆವೃತ್ತಿಯಲ್ಲಿ 5ನೆಯ ಸಂಪುಟ, 1902. ‘ಬೇಲೂರು ಇಷ್ಟನೆಯ ಶಾಸನ’ ಅಂತ ಬರೀ ಸಂಖ್ಯೆ ಕೊಡುವ ಪುಟಗಳನ್ನು ನಂಬಿ ಹೋದರೆ ಬೇರೆ ಶಾಸನದ ಮುಂದೆ ನಿಂತಿರುತ್ತೀರಿ.

ಕನ್ನಡದಲ್ಲಿ ಬರೆಯುವಾಗ `n.d.`ಗೆ ಏನು ಮಾಡೋಣ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಒಂದು ಸಂಕ್ಷೇಪ ಇಲ್ಲ. ‘ದಿ.ಇ.’ ಅಂತ ಹಾಕುವವರನ್ನು ಕಂಡಿದ್ದೇನೆ, ಆದರೆ ‘ದಿ.’ ಎಂದಾಕ್ಷಣ ನಮ್ಮವರ ಕಣ್ಣಿಗೆ ದಿವಂಗತ ಅಂತಲೇ ಕಾಣುತ್ತದೆ. ಬದುಕಿರುವ ಲೇಖಕರ ಪಕ್ಕ ಅದು ಬೇಡ. ‘ದಿನಾಂಕವಿಲ್ಲ’ ಅಂತ ಪೂರ್ತಿ ಬರೆದರೆ ಎಷ್ಟು ಶಾಯಿ ಖರ್ಚಾಗುತ್ತದೆ? ಶೀರ್ಷಿಕೆ ಲೇಖಕರ ಜಾಗದಲ್ಲಿದ್ದರೆ ಇಂಗ್ಲಿಷಿನಲ್ಲಿ ವಾಲಿದ ಅಕ್ಷರ ಬಳಸುತ್ತಾರೆ. ಕನ್ನಡ ಅಕ್ಷರವನ್ನು ವಾಲಿಸಿದರೆ ಒತ್ತಕ್ಷರಗಳು ಪಕ್ಕದ ಮನೆಗೆ ಹೋಗಿ ಕೂರುತ್ತವೆ, ಉದ್ಧರಣ ಚಿಹ್ನೆಯೇ ಚೆಂದ.

ಒಳಸಾಕ್ಷ್ಯದಿಂದ ಕಾಲ ಗೊತ್ತಾಗಿದ್ದರೆ ಅದನ್ನೂ ಹೇಳಬೇಕು ಅನ್ನುವುದು ನನ್ನ ಹಟ. ಷಿಕಾಗೊ ಕೈಪಿಡಿ ಊಹಿಸಿದ ವರ್ಷವನ್ನು ಚೌಕ ಆವರಣದಲ್ಲಿ ಕೊಡಲು ಅವಕಾಶ ಕೊಡುತ್ತದೆ. ಶಾಸನ ಪಾಠದಲ್ಲಿ ಸಂಪಾದಕರು ತುಂಬಿದ ಅಕ್ಷರಕ್ಕೂ ನಾವು ಚೌಕ ಆವರಣವನ್ನೇ ಹಾಕುವುದರಿಂದ ಇದು ನಮ್ಮ ಕಣ್ಣಿಗೆ ಹೊಸದಲ್ಲ. ಎಪಿಎ ಕೇಳುವ ಪತ್ರಿಕೆಗೆ ಬರೆಯುತ್ತಿದ್ದರೆ ಪಟ್ಟಿಯಲ್ಲಿ `n.d.` ಇರಲಿ, ಗಡಿಗಳನ್ನು ಲೇಖನದ ಮೈಯಲ್ಲಿ ಒಂದು ವಾಕ್ಯದಲ್ಲಿ ಹೇಳಿದರಾಯಿತು. ನೋಡಿದ ದಿನವನ್ನಂತೂ, ಕೈಪಿಡಿ ಕಡ್ಡಾಯ ಮಾಡದ ಕಡೆಯೂ, ನಾನು ಈಗ ಬಿಡುವುದಿಲ್ಲ. ಜೊತೆಗೆ ಉಲ್ಲೇಖಿಸುವ ದಿನವೇ ಪುಟವನ್ನು ಆರ್ಕೈವ್‌ನಲ್ಲಿ ಉಳಿಸಿ ಆ ವಿಳಾಸವನ್ನೇ ಕೊಡುತ್ತೇನೆ. ನಾಳೆ ಸಂಘದವರು ತಾಣದ ಬಾಡಿಗೆ ಕಟ್ಟುವುದು ಮರೆತರೂ ಓದುಗರಿಗೆ ಪುಟ ಸಿಗುತ್ತದೆ.

ತಿದ್ದುಪಡಿ ಹಾಕುವಾಗ ನನ್ನ ಉಲ್ಲೇಖ ಹೀಗಾಯಿತು: ಲೇಖಕರ ಜಾಗದಲ್ಲಿ ಸಂಘದ ಹೆಸರು, ವರ್ಷದ ಜಾಗದಲ್ಲಿ ‘ದಿನಾಂಕವಿಲ್ಲ’, ಆಮೇಲೆ ಶೀರ್ಷಿಕೆ, 2016ರ ಪ್ರತಿಯ ವಿಳಾಸ. ‘ನಂತರ ಈ ತಾಣವೂ ಅದನ್ನೇ ಅನುಸರಿಸಿದೆ’ ಅನ್ನುವ ಸಾಲನ್ನು ತೆಗೆದು, ಈ ಓದು 2016ರ ಹೊತ್ತಿಗೇ ಪುಟದಲ್ಲಿತ್ತು ಅಂತ ಬರೆದೆ. ಮೇಷ್ಟ್ರ ಹೆಸರನ್ನು ಅವರ ಒಪ್ಪಿಗೆ ಪಡೆದು ಲೇಖನದ ಒಳಗೆ ಹಾಕಿದೆ.

ಅದಾದ ಮೇಲೆ ಅವರು ಒಂದು ಚಿತ್ರ ಕಳಿಸಿದರು. ಕಲ್ಲಿನ ಅಚ್ಚು ತೆಗೆದ ಕಾಗದದ್ದು, ಮಸಿ ಬಳಿದ ಮುಖದ್ದಲ್ಲ, ಹಿಂಬದಿಯದ್ದು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಊರಿನ ಹೆಸರು, ಕಲ್ಲು ಇರುವ ಜಾಗ, ಅಚ್ಚು ತೆಗೆದವರ ಹೆಸರು, ಜೊತೆಗೆ ಹೋದ ಇಬ್ಬರು ಹುಡುಗರ ಹೆಸರು, ದಿನಾಂಕ. 2014ರ ಫೆಬ್ರುವರಿ. ಸಂಘದ ಪುಟದಲ್ಲಿ ಈಗಲೂ ಇವು ಯಾವುವೂ ಇಲ್ಲ. ಹಾಕುತ್ತೇವೆ ಅಂದಿದ್ದಾರೆ.